ಅಪ್ಪನ ಸಿಇಎ 6.4, ಡಾಕ್ಟರು ಗಾಬರಿ ಬೇಡ ಎಂದರು, ಚಿಕ್ಕಮ್ಮನದು 4.9, ಕೂಡಲೇ ಸ್ಕ್ಯಾನ್ ಬರೆದರು. ಯಾಕೆ ಹೀಗೆ?

ಮಲ್ಲಿಗೆಹಂದರ

ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳಿಂದ ನಮ್ಮ ಮನೆಯಲ್ಲಿ ಸಿಇಎ ಎಂಬ ಕ್ಯಾನ್ಸರ್ ರಕ್ತಪರೀಕ್ಷೆ ಬಿಟ್ಟು ಬೇರೆ ಮಾತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಅಪ್ಪನಿಗೆ 61 ವರ್ಷ, ದಾವಣಗೆರೆಯಲ್ಲಿದ್ದಾರೆ. ಮೂವತ್ತೈದು ವರ್ಷಗಳಿಂದ ಬೀಡಿ ಸೇದುತ್ತಾರೆ. ಹಬ್ಬಕ್ಕೆ ಬಂದಿದ್ದ ನನ್ನ ತಮ್ಮ, ಅಪ್ಪ ಅಮ್ಮ ಇಬ್ಬರಿಗೂ ಸೇರಿಸಿ ಇಡೀ ದೇಹದ ತಪಾಸಣೆಯ ಪ್ಯಾಕೇಜ್ ಮಾಡಿಸಿದ. ಅದರಲ್ಲಿ ‘ಕ್ಯಾನ್ಸರ್ ಮಾರ್ಕರ್’ ಎಂಬ ಭಾಗವೂ ಇತ್ತು. ಅಪ್ಪನ ಸಿಇಎ 6.4 ಬಂದಿದೆ. 5ರ ಒಳಗಿರಬೇಕೆಂದು ಬರೆದು, ಪಕ್ಕದಲ್ಲಿ ಕೆಂಪು ಗುರುತು ಹಾಕಿದ್ದಾರೆ. ಅಮ್ಮನದು 1.9, ಹಸಿರು ಗುರುತು. ಅಪ್ಪ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಡಾಕ್ಟರರ ಬಳಿ ಓಡಿದೆವು. ಅವರು ಹೊಟ್ಟೆ ಮುಟ್ಟಿ ನೋಡಿ, ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಬರುತ್ತದೆಯೇ ಎಂದೆಲ್ಲ ಕೇಳಿ, “ಈ ಪರೀಕ್ಷೆ ಮಾಡಿಸಲು ನಿಮಗೆ ಯಾರು ಹೇಳಿದರು? ಆರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ. ಬೀಡಿ ಬಿಡಿ” ಎಂದು ಕಳುಹಿಸಿದರು.

ಅದೇ ವಾರ ಚಿಕ್ಕಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಎರಡು ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ಮೂರನೇ ಹಂತ. ಮೂರು ತಿಂಗಳಿಗೊಮ್ಮೆ ಸಿಇಎ ನೋಡುತ್ತಾರೆ. ಈ ಸಲ 4.9 ಬಂತು. ಕೆಂಪು ಗುರುತೇ ಇಲ್ಲ! ಆದರೂ ಅವರ ಡಾಕ್ಟರ ಮುಖ ಗಂಭೀರವಾಯಿತು, ಆ ಕ್ಷಣವೇ ಸಿಟಿ ಸ್ಕ್ಯಾನ್ ಬರೆದರು.

6.4ಕ್ಕೆ ಏನೂ ಇಲ್ಲ, 4.9ಕ್ಕೆ ಸ್ಕ್ಯಾನ್. ಇಬ್ಬರಲ್ಲಿ ಒಬ್ಬ ಡಾಕ್ಟರು ತಪ್ಪು ಮಾಡುತ್ತಿದ್ದಾರೆ ಎಂದು ತಮ್ಮ ಹೇಳುತ್ತಾನೆ.

ಹಳೇಸೇತುವೆ

ನಿಮ್ಮ ತಮ್ಮ ಹೇಳುವುದು ಸರಿ. ಕ್ಯಾನ್ಸರ್ ವಿಷಯದಲ್ಲಿ ಆರು ವಾರ ಕಾಯುವುದು ಎಂದರೇನು? ನಾಳೆಯೇ ಪೆಟ್ ಸ್ಕ್ಯಾನ್ ಮಾಡಿಸಿ, ಬೇರೆ ಡಾಕ್ಟರರಿಗೆ ತೋರಿಸಿ. ದುಡ್ಡು ಹೋದರೆ ಹೋಗಲಿ.

ರಕ್ತದಹನಿ

ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಯಂತ್ರಗಳ ಮುಂದೆ ಕೂರುವವನು. ಮಲ್ಲಿಗೆಹಂದರ ಅವರೇ, ಚಿಕ್ಕಮ್ಮನ ಹಳೆಯ ರಿಪೋರ್ಟುಗಳನ್ನೆಲ್ಲ ಸಾಲಾಗಿ ಇಟ್ಟು ಸಂಖ್ಯೆಗಳನ್ನು ಇಲ್ಲಿ ಬರೆಯಿರಿ. ಎಲ್ಲವೂ ಒಂದೇ ಲ್ಯಾಬಿನವೇ ಎಂಬುದನ್ನೂ ಹೇಳಿ.

ಮಲ್ಲಿಗೆಹಂದರ

ಎಲ್ಲವೂ ಒಂದೇ ಆಸ್ಪತ್ರೆಯ ಲ್ಯಾಬು. ಆಪರೇಷನ್‌ಗೆ ಮೊದಲು 38 ಇತ್ತು. ಆರು ವಾರದ ನಂತರ 1.7. ಆಮೇಲೆ ಕ್ರಮವಾಗಿ 1.6, 1.9, 1.7, 1.8, 3.1, ಈಗ 4.9.

ರಕ್ತದಹನಿ

ಉತ್ತರ ಈ ಸಾಲಿನಲ್ಲೇ ಇದೆ, ನೋಡಿ. 38 ಇದ್ದದ್ದು 1.7ಕ್ಕೆ ಇಳಿಯಿತು. ಅಂದರೆ ಆ ಗೆಡ್ಡೆಯೇ ಸಿಇಎ ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಸುತ್ತಿತ್ತು, ಅದನ್ನು ತೆಗೆದಾಗ ರಕ್ತದಲ್ಲಿ ಉಳಿದದ್ದು ಕೆಲವು ವಾರಗಳಲ್ಲಿ ತೊಳೆದುಹೋಯಿತು. 1.6ರಿಂದ 1.9ರ ನಡುವಿನ ಓಲಾಟ ಲೆಕ್ಕಕ್ಕಿಲ್ಲ, ಒಂದೇ ರಕ್ತವನ್ನು ಎರಡು ಸಲ ಯಂತ್ರಕ್ಕೆ ಹಾಕಿದರೂ ಅಷ್ಟು ವ್ಯತ್ಯಾಸ ಬರಬಹುದು. ಆದರೆ 1.8, 3.1, 4.9 ಎಂಬುದು ಓಲಾಟವಲ್ಲ, ಏರಿಕೆ. ಆರು ತಿಂಗಳಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಚಿಕ್ಕಮ್ಮನಿಗೆ ‘ಸಾಮಾನ್ಯ’ ಎಂದರೆ 5 ಅಲ್ಲ, 1.7. ಅವರ ಡಾಕ್ಟರು ನೋಡಿದ್ದು ಅದನ್ನು.

ಅಪ್ಪನಿಗೆ ಅಂಥ ಹಿಂದಿನ ಸಾಲೇ ಇಲ್ಲ. ಬೀಡಿ ಸೇದುವವರಲ್ಲಿ ಸಿಇಎ ಸ್ವಲ್ಪ ಮೇಲೆಯೇ ಇರುತ್ತದೆ. ಹತ್ತು ವರ್ಷಗಳಿಂದ ಅವರದು 6.4 ಇದ್ದಿರಲೂಬಹುದು.

ಒಂದು ಕಿವಿಮಾತು. ಮನೆ ಹತ್ತಿರ ಎಂದು, ಅಗ್ಗ ಎಂದು ಮಧ್ಯದಲ್ಲಿ ಲ್ಯಾಬ್ ಬದಲಾಯಿಸಬೇಡಿ. ಒಂದು ಕಂಪನಿಯ ಯಂತ್ರದಲ್ಲಿ 3 ಬಂದ ರಕ್ತ ಇನ್ನೊಂದರಲ್ಲಿ 4ರ ಮೇಲೆ ಬರಬಹುದು. ಲ್ಯಾಬ್ ಬದಲಾಯಿಸಿ, ಏರಿದೆ ಎಂದು ಅಳುತ್ತಾ ಬಂದವರನ್ನು ನಾನು ಎಷ್ಟೋ ಸಲ ಕೂರಿಸಿ ಸಮಾಧಾನ ಮಾಡಿದ್ದೇನೆ.

ಹೊಸಪೇಟೆಯವ

ಹಾಗಾದರೆ ಇದು ವಂಶದಲ್ಲಿ ಕ್ಯಾನ್ಸರ್ ಬರುತ್ತದೆಯೇ ಎಂದು ಹೇಳುವ ಪರೀಕ್ಷೆಯೇ? ನಮ್ಮ ದೊಡ್ಡಪ್ಪನಿಗೆ ಆಗಿತ್ತು. ನನಗೆ 29 ವರ್ಷ, ನಾನೂ ಮಾಡಿಸಬೇಕೇ?

ರಕ್ತದಹನಿ

ಅಲ್ಲ ತಮ್ಮಾ, ಅದು ಜೀನ್ ಪರೀಕ್ಷೆ, ಬೇರೆಯದೇ. ದೊಡ್ಡಪ್ಪನಿಗೆ ಯಾವ ವಯಸ್ಸಿನಲ್ಲಿ ಆಯಿತು, ಮನೆಯಲ್ಲಿ ಇನ್ನೂ ಯಾರಿಗಾದರೂ ಇದೆಯೇ ಎಂಬುದನ್ನು ಡಾಕ್ಟರರಿಗೆ ಹೇಳು. ಸಿಇಎ ನಿನಗೆ ಏನನ್ನೂ ಹೇಳುವುದಿಲ್ಲ.

ಹಳೇಸೇತುವೆ

ರಕ್ತದಹನಿಯವರೇ, ಚಿಕ್ಕಮ್ಮನ ವಿಷಯ ಒಪ್ಪಿದೆ. ಆದರೆ ಅಪ್ಪನದು ಕ್ಯಾನ್ಸರ್ ಅಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ನೂರು ಜನರಿಗೆ ಮಾಡಿಸಿ ಒಬ್ಬರಿಗೆ ಸಿಕ್ಕರೂ ಒಂದು ಜೀವ ಉಳಿಯಿತಲ್ಲ. ಬೇಗ ಗೊತ್ತಾದರೆ ನಷ್ಟವೇನು?

ಲೆಕ್ಕದಮೇಷ್ಟ್ರು

ನೂರಕ್ಕೆ ಒಬ್ಬರು ಎಂದು ಯಾರು ಹೇಳಿದರು? ನಾನು ಡಾಕ್ಟರನಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹೋದ ವರ್ಷ ನನ್ನ ಅಣ್ಣನಿಗೆ ಇದೇ ಪಾಡು ಬಂದಾಗ ಕೂತು ಓದಿ ಲೆಕ್ಕ ಹಾಕಿದ್ದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಕಾಕ್ರೇನ್ ವಿಮರ್ಶೆ ಬಂದಿದೆ. 5ನ್ನು ಗಡಿಯಾಗಿಟ್ಟರೆ, ಕ್ಯಾನ್ಸರ್ ಮರಳಿದ 100 ಜನರಲ್ಲಿ ಸುಮಾರು 71 ಜನರನ್ನು ಸಿಇಎ ಹಿಡಿಯುತ್ತದೆ. ಮರಳದ 100 ಜನರಲ್ಲಿ ಸುಮಾರು 12 ಜನರಿಗೆ ಸುಳ್ಳೇ ಹೆದರಿಸುತ್ತದೆ. ಸುಲಭಕ್ಕೆ 70 ಮತ್ತು 12 ಎಂದಿಟ್ಟುಕೊಳ್ಳೋಣ.

ಮೊದಲು ಚಿಕ್ಕಮ್ಮನಂಥ, ಆಪರೇಷನ್ ಆದ 100 ಜನ. ಇವರಲ್ಲಿ 30 ಜನರಿಗೆ ಕಾಯಿಲೆ ಮರಳುತ್ತದೆ ಎಂದು ಅಂದಾಜು ಮಾಡಿ. 30ರಲ್ಲಿ 21 ಜನ ಸಿಗುತ್ತಾರೆ. ಉಳಿದ 70ರಲ್ಲಿ 8 ಜನರಿಗೆ ಸುಳ್ಳು ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದ್ದು 29 ಜನರಿಗೆ, ಅದರಲ್ಲಿ 21 ನಿಜ.

ಈಗ ಅಪ್ಪನಂಥ, ಯಾವ ತೊಂದರೆಯೂ ಇಲ್ಲದ 1 ಲಕ್ಷ ಜನ. ಇವರಲ್ಲಿ 100 ಜನರ ಕರುಳಿನಲ್ಲಿ ಈ ಹೊತ್ತು ಕ್ಯಾನ್ಸರ್ ಅಡಗಿದೆ ಎನ್ನಿ. ಅದೇ ಪರೀಕ್ಷೆ 70 ಜನರನ್ನು ಹಿಡಿಯುತ್ತದೆ. ಉಳಿದ 99,900 ಜನರಲ್ಲಿ 12 ಶೇಕಡಾ ಎಂದರೆ ಸುಮಾರು 12,000 ಜನರಿಗೆ ಕೆಂಪು ಗುರುತು. ಕೆಂಪು ಗುರುತು ಬಿದ್ದ ಪ್ರತಿ 172 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಪರೀಕ್ಷೆ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ, ಯಾರ ಮೇಲೆ ಬಳಸಿದೆವು ಎಂಬುದಷ್ಟೇ ಬದಲಾಯಿತು.

ಆ 12,000 ಜನರೂ ಪೆಟ್ ಸ್ಕ್ಯಾನ್ ಮಾಡಿಸಲಿ, ದುಡ್ಡು ಹೋದರೆ ಹೋಗಲಿ ಎನ್ನುತ್ತೀರಾ? ನನ್ನ ಅಣ್ಣನಿಗೆ ಹಾಗೆಯೇ ಮಾಡಿಸಿದೆವು. ಶ್ವಾಸಕೋಶದಲ್ಲಿ ಹಳೆಯ ಕ್ಷಯದ ಕಲೆ ಸಿಕ್ಕಿತು, ಅದಕ್ಕೆ ಸೂಜಿ ಹಾಕಿದರು, ಎದೆಯೊಳಗೆ ಗಾಳಿ ತುಂಬಿಕೊಂಡು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಕ್ಯಾನ್ಸರ್ ಇರಲಿಲ್ಲ. ನಷ್ಟವೇನು ಎಂದು ಕೇಳಿದಿರಲ್ಲ, ಇದು ನಷ್ಟ.

ತುಂಗಾತೀರ

ಮೇಷ್ಟ್ರೇ, ಲೆಕ್ಕದ ದಾರಿ ಸರಿ, ಆದರೆ ನೀವು ಸಿಇಎಗೆ ತುಂಬಾ ಉದಾರವಾಗಿ ಅಂಕ ಕೊಟ್ಟಿದ್ದೀರಿ. ನಾನು ಪೆಥಾಲಜಿಸ್ಟ್ ಆಗಿದ್ದವಳು, ಈಗ ಶಿವಮೊಗ್ಗದಲ್ಲಿ ನಿವೃತ್ತ ಜೀವನ. ಆ 70 ಎಂಬ ಸಂಖ್ಯೆ ಆಪರೇಷನ್ ಆದವರಲ್ಲಿ ಮರಳಿದ ಕಾಯಿಲೆಗೆ ಸಂಬಂಧಿಸಿದ್ದು. ಮೊದಲ ಸಲ ಹುಟ್ಟಿ ಇನ್ನೂ ಕರುಳಿನ ಗೋಡೆಯೊಳಗೇ ಇರುವ ಗೆಡ್ಡೆಗೆ ಅದನ್ನು ಹಚ್ಚುವಂತಿಲ್ಲ. ಅಂಥ ಆರಂಭದ ಹಂತದಲ್ಲಿ ಸಿಇಎ 5 ದಾಟುವುದು ನೂರರಲ್ಲಿ ಬೆರಳೆಣಿಕೆಯಷ್ಟು ಜನರಲ್ಲಿ. ಅಂದರೆ ಯಾರನ್ನು ಹಿಡಿದರೆ ಪೂರ್ತಿ ವಾಸಿಯಾಗುತ್ತಿತ್ತೋ ಅವರನ್ನೇ ಇದು ಬಿಟ್ಟುಬಿಡುತ್ತದೆ.

ಇದಕ್ಕೆ ಕಾರಣ ಕರುಳಿನ ರಚನೆಯಲ್ಲೇ ಇದೆ. ಸಿಇಎ ಕ್ಯಾನ್ಸರ್‌ನ ವಿಷವೇನಲ್ಲ. ಆರೋಗ್ಯವಂತ ಕರುಳಿನ ಒಳಪದರವೂ ಅದನ್ನು ತಯಾರಿಸುತ್ತದೆ. ಆದರೆ ಅಲ್ಲಿ ಜೀವಕೋಶಗಳು ಕಲ್ಲು ಜೋಡಿಸಿದಂತೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಸಿಇಎಯನ್ನು ಕರುಳಿನ ಟೊಳ್ಳಿನ ಕಡೆಗೇ ಬಿಡುತ್ತವೆ, ಅದು ಮಲದ ಜೊತೆ ಹೊರಟುಹೋಗುತ್ತದೆ. ಕ್ಯಾನ್ಸರ್ ಆದಾಗ ಆ ಶಿಸ್ತು ಕೆಡುತ್ತದೆ, ಸಿಇಎ ಎಲ್ಲ ದಿಕ್ಕಿಗೂ ಸೋರಿ ರಕ್ತಕ್ಕೆ ಸೇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬಣ್ಣ ಹಾಕಿದ ಸ್ಲೈಡಿನಲ್ಲಿ ಸಾಮಾನ್ಯ ಕರುಳಿನ ಅಂಚಿಗೆ ಮಾತ್ರ ತೆಳುವಾದ ಕಂದು ಗೆರೆ, ಪಕ್ಕದ ಗೆಡ್ಡೆಯಲ್ಲಿ ಜೀವಕೋಶ ಪೂರ್ತಿ ಕಂದು.

ಇಷ್ಟಾದರೂ ಕರುಳಿನ ರಕ್ತ ಮೊದಲು ಹೋಗುವುದು ಯಕೃತ್ತಿಗೆ. ಸಿಇಎಯನ್ನು ಹಿಡಿದು ಒಡೆಯುವುದು ಯಕೃತ್ತೇ. ಸಣ್ಣ ಗೆಡ್ಡೆಯಿಂದ ಸೋರಿದ ಅಲ್ಪಸ್ವಲ್ಪವನ್ನು ಅದು ದಾರಿಯಲ್ಲೇ ತೆಗೆದುಬಿಡುತ್ತದೆ, ತೋಳಿನ ರಕ್ತದಲ್ಲಿ ಏನೂ ಕಾಣುವುದಿಲ್ಲ. ಅದೇ ಕಾಯಿಲೆ ಯಕೃತ್ತಿಗೇ ಹರಡಿ ಕೂತರೆ ಆ ಕಾವಲು ಇರುವುದಿಲ್ಲ, ಸಿಇಎ ನೇರವಾಗಿ ಮೈಯ ರಕ್ತಕ್ಕೆ ಸೇರುತ್ತದೆ. ಚಿಕ್ಕಮ್ಮನಂಥವರಲ್ಲಿ ಇದು ಕೆಲಸಕ್ಕೆ ಬರುವುದು ಹೀಗೆ. ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ, ಪಿತ್ತನಾಳ ಕಟ್ಟಿದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುವುದು ಇದೇ ಕಾರಣಕ್ಕೆ.

1965ರಲ್ಲಿ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯಲ್ ಫ್ರೀಡ್‌ಮನ್ ಇದನ್ನು ಗುರುತಿಸಿದಾಗ, ಹನಿ ರಕ್ತದಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಗುವ ಕಾಲ ಬಂತೆಂದೇ ಜನ ನಂಬಿದ್ದರು. ಮೊದಮೊದಲು ಪರೀಕ್ಷಿಸಿದವರಲ್ಲಿ ಹೆಚ್ಚಿನವರ ಕಾಯಿಲೆ ಬಲಿತಿತ್ತು, ಆದ್ದರಿಂದ ಫಲಿತಾಂಶ ಸೊಗಸಾಗಿ ಕಂಡಿತು. ಬೇರೆ ಕಡೆ ಆರಂಭದ ಕಾಯಿಲೆಯವರನ್ನೂ ಬೀಡಿ ಸಿಗರೇಟು ಸೇದುವವರನ್ನೂ ಸೇರಿಸಿ ನೋಡಿದಾಗ ಆ ನಂಬಿಕೆ ಉಳಿಯಲಿಲ್ಲ.

ಬೆಳವಲ

ನಾನು ಕೀಮೋ ತೆಗೆದುಕೊಳ್ಳುತ್ತಿರುವವಳು, ಕರುಳಿನಿಂದ ಯಕೃತ್ತಿಗೆ ಹರಡಿತ್ತು. ಸಂಖ್ಯೆ ಏರಿದರೆ ಕಾಯಿಲೆ ಏರಿತು ಎಂದು ಎಲ್ಲರೂ ಹೇಳುತ್ತಿದ್ದೀರಿ, ನನ್ನ ಅನುಭವ ಬೇರೆ. ಶುರುವಿಗೆ 86 ಇತ್ತು. ಆಕ್ಸಾಲಿಪ್ಲಾಟಿನ್ ಇರುವ ಕೀಮೋ ಎರಡು ಸಲ ಆದ ಮೇಲೆ 112 ಬಂತು. ಔಷಧ ಹತ್ತಲಿಲ್ಲ ಎಂದು ಅಂದು ರಾತ್ರಿ ಮಕ್ಕಳಿಗೆ ಪತ್ರ ಬರೆದಿಟ್ಟೆ. ಡಾಕ್ಟರು ಮಾತ್ರ ಔಷಧ ಬದಲಾಯಿಸಲು ಒಪ್ಪಲಿಲ್ಲ. ಗೆಡ್ಡೆ ಸಾಯುವಾಗಲೂ ಅದರೊಳಗಿನದು ರಕ್ತಕ್ಕೆ ಚೆಲ್ಲಬಹುದು, ಮೊದಲ ನಾಲ್ಕಾರು ವಾರದ ಏರಿಕೆಯನ್ನು ನಂಬಬಾರದು ಎಂದರು. ಮುಂದೆ 61, 24, 9. ಎರಡು ತಿಂಗಳಿಗೆ ಮಾಡಿದ ಸ್ಕ್ಯಾನ್‌ನಲ್ಲೂ ಗೆಡ್ಡೆಗಳು ಕುಗ್ಗಿದ್ದವು. ಆ ಪತ್ರ ಇನ್ನೂ ಬೀರುವಿನಲ್ಲಿದೆ.

ತುಂಗಾತೀರ

ಬೆಳವಲ ಅವರೇ, ಇದನ್ನು ಬರೆದದ್ದು ಒಳ್ಳೆಯದಾಯಿತು. ಆದರೆ ಓದುವವರು ಒಂದನ್ನು ಗಮನಿಸಿ: ಆರಂಭದ ಪ್ರತಿ ಏರಿಕೆಯೂ ಒಳ್ಳೆಯ ಲಕ್ಷಣವಲ್ಲ. ಮುಂದಿನ ಅಳತೆಯಲ್ಲಿ ಇಳಿಯಿತೇ, ಸ್ಕ್ಯಾನ್ ಏನು ಹೇಳಿತು ಎಂಬುದರಿಂದಲೇ ಅದು ತೀರ್ಮಾನವಾಗುವುದು. ಬರಿಯ ಸಿಇಎ ನೋಡಿ ಚಿಕಿತ್ಸೆ ಬದಲಾಯಿಸುವುದಿಲ್ಲ.

ಕಾಡುಹಾದಿ

ಮರಳಿದ ಕಾಯಿಲೆಯನ್ನು ಇದು ಹಿಡಿಯುತ್ತದೆ ಎಂದು ಇಷ್ಟು ನಂಬಿಕೆಯಿಂದ ಬರೆಯುತ್ತಿದ್ದೀರಿ. ನನ್ನ ಹೆಂಡತಿಯ ಕಥೆ ಕೇಳಿ.

ನಾಲ್ಕು ವರ್ಷದ ಹಿಂದೆ ಅವಳಿಗೆ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ನಾವೂ ಇಂಥದೇ ಪ್ಯಾಕೇಜ್ ಮಾಡಿಸಿದೆವು. ಕ್ಯಾನ್ಸರ್ ಮಾರ್ಕರ್ ಎಲ್ಲ ‘ಸಾಮಾನ್ಯ’, ಸಿಇಎ 1.4. ಹಿಮೋಗ್ಲೋಬಿನ್ ಮಾತ್ರ 9 ಇತ್ತು. ಕ್ಯಾನ್ಸರ್ ಇಲ್ಲವಲ್ಲ ಎಂದು ನೆಮ್ಮದಿಯಾಗಿ ಟಾನಿಕ್ ಕುಡಿಸಿದೆವು, ಬೀಟ್‌ರೂಟ್ ತಿನ್ನಿಸಿದೆವು. ಎಂಟು ತಿಂಗಳ ನಂತರ ಕರುಳಿನ ಬಲಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ ಸಿಕ್ಕಿತು. ಆಪರೇಷನ್ ಹಿಂದಿನ ದಿನವೂ ಸಿಇಎ 1.4! ಒಂದೂವರೆ ವರ್ಷದ ಮೇಲೆ ಹೊಟ್ಟೆಯೊಳಗೆ ಮರಳಿದಾಗ ಸಿಟಿ ಸ್ಕ್ಯಾನ್‌ನಲ್ಲಿ ಕಂಡಿತು, ಸಿಇಎ ಆಗಲೂ 1.6. ಅವಳು ಈಗಿಲ್ಲ. ಆ ‘ಸಾಮಾನ್ಯ’ ಎಂಬ ಒಂದು ಪದ ನಮ್ಮ ಎಂಟು ತಿಂಗಳನ್ನು ತಿಂದಿತು.

ರಕ್ತದಹನಿ

ಕಾಡುಹಾದಿಯವರೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಕೆಲವು ಗೆಡ್ಡೆಗಳು ಸಿಇಎ ಬಿಡುವುದೇ ಇಲ್ಲ. ಆಪರೇಷನ್‌ಗೆ ಮೊದಲು ಒಮ್ಮೆ ಅಳೆದಿಡುವುದು ಅದನ್ನು ತಿಳಿಯಲಿಕ್ಕೂ ಹೌದು. ಮೊದಲೇ ಕಡಿಮೆ ಇದ್ದವರಲ್ಲಿ ಮುಂದೆ ಕಡಿಮೆ ಬಂತೆಂದು ಧೈರ್ಯ ಪಡುವಂತಿಲ್ಲ, ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿಯನ್ನೇ ನೆಚ್ಚಬೇಕು.

ಹಳೇಸೇತುವೆ

ಕಾಡುಹಾದಿಯವರೇ, ಕ್ಷಮಿಸಿ. ನಾನು ಆತುರದಲ್ಲಿ ಬರೆದಿದ್ದೆ. ಆದರೂ ಒಂದು ಪ್ರಶ್ನೆ ಉಳಿಯಿತು. ಆಪರೇಷನ್ ಆದವರಲ್ಲಿ ಮೂರು ತಿಂಗಳಿಗೊಮ್ಮೆ ನೋಡುವುದರಿಂದಲಾದರೂ ಜೀವ ಉಳಿಯುತ್ತದೆಯೇ?

ತುಂಗಾತೀರ

ಪ್ರಾಮಾಣಿಕವಾಗಿ ಹೇಳುವುದಾದರೆ, ಅದು ಪೂರ್ತಿ ಇತ್ಯರ್ಥವಾಗಿಲ್ಲ. ಇಂಗ್ಲೆಂಡಿನಲ್ಲಿ 1,202 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ತೊಂದರೆ ಕಂಡಾಗ ಮಾತ್ರ ಬನ್ನಿ ಎಂದವರಲ್ಲಿ, ಕಾಯಿಲೆ ಮರಳಿ ಅದನ್ನು ವಾಸಿಯಾಗುವಂತೆ ಕತ್ತರಿಸಿ ತೆಗೆಯಲು ಸಾಧ್ಯವಾದದ್ದು 100ಕ್ಕೆ 2.3 ಜನರಲ್ಲಿ. ಸಿಇಎ ನೋಡುತ್ತಾ ಹೋದವರಲ್ಲಿ 6.7 ಜನರಲ್ಲಿ. ಸ್ಕ್ಯಾನ್ ಮಾಡುತ್ತಾ ಹೋದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಟ್ಟು ಸಾವಿನ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಯಕೃತ್ತಿನಲ್ಲಿ ಒಂದೇ ಚುಕ್ಕೆ ಇರುವಾಗ ಸಿಕ್ಕಿ, ತೆಗೆಸಿಕೊಂಡು, ವರ್ಷಗಟ್ಟಲೆ ಚೆನ್ನಾಗಿರುವವರನ್ನು ನಾನು ಬಲ್ಲೆ. ಆದ್ದರಿಂದ ನಾನು ನೋಡುವುದರ ಪರ. ನನ್ನ ಗೆಳೆಯರೊಬ್ಬರು, ಶಸ್ತ್ರವೈದ್ಯರೇ, ಇದನ್ನು ಒಪ್ಪುವುದಿಲ್ಲ.

ಲೆಕ್ಕದಮೇಷ್ಟ್ರು

ಇನ್ನೊಂದು ತೊಡಕೂ ಇದೆ. ಮೂರು ತಿಂಗಳಿಗೊಮ್ಮೆ ಐದು ವರ್ಷ ಅಂದರೆ 20 ಸಲ. ಪ್ರತಿ ಸಲವೂ ಸುಳ್ಳು ಗಂಟೆಯ ಸಾಧ್ಯತೆ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ನಾನು 29ರಲ್ಲಿ 21 ಎಂದದ್ದು ಒಂದು ಸಲದ ಲೆಕ್ಕ ಮಾತ್ರ.

ರಕ್ತದಹನಿ

ಅದಕ್ಕೇ ಒಂದು ಸಂಖ್ಯೆಯನ್ನಲ್ಲ, ಏರುವ ಸಾಲನ್ನು ನೋಡಬೇಕೆಂದು ನಾನು ಹಟ ಹಿಡಿಯುವುದು.

ಮಲ್ಲಿಗೆಹಂದರ

ಕಾಡುಹಾದಿಯವರು ಬರೆದದ್ದನ್ನು ಓದಿ ನನ್ನ ಕೈ ನಡುಗುತ್ತಿದೆ. ಈಗ ಅಮ್ಮನ ರಿಪೋರ್ಟ್ ಮತ್ತೆ ತೆರೆದು ನೋಡಿದೆ. ಮೊದಲ ಪುಟದಲ್ಲಿ ದೊಡ್ಡದಾಗಿ ಕ್ಯಾನ್ಸರ್ ಮಾರ್ಕರ್ ಸಾಮಾನ್ಯ ಎಂದಿದೆ. ಏಳನೇ ಪುಟದಲ್ಲಿ ಹಿಮೋಗ್ಲೋಬಿನ್ 8.9. ನಾವು ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ, ಎಲ್ಲರೂ ಅಪ್ಪನದನ್ನೇ ಹಿಡಿದು ಕೂತಿದ್ದೆವು. ಅಮ್ಮನಿಗೆ 57. ಸುಸ್ತು ಎನ್ನುತ್ತಲೇ ಇದ್ದಾರೆ, ಕೆಲಸ ಜಾಸ್ತಿ ಎಂದುಕೊಂಡಿದ್ದೆವು.

ತುಂಗಾತೀರ

ಮುಟ್ಟು ನಿಂತು ಎಷ್ಟು ವರ್ಷವಾಯಿತು? ಅದೇ ಪುಟದಲ್ಲಿ ಎಂಸಿವಿ ಎಂದು ಇರುತ್ತದೆ, ಎಷ್ಟಿದೆ?

ಮಲ್ಲಿಗೆಹಂದರ

ನಿಂತು ಏಳು ವರ್ಷ. ಎಂಸಿವಿ 68.

ತುಂಗಾತೀರ

ಮಗಳೇ, ನಿಮ್ಮ ಮನೆಯ ಎರಡು ರಿಪೋರ್ಟುಗಳಲ್ಲಿ ನನ್ನ ಕಣ್ಣಿಗೆ ಬೀಳುವುದು ಅಪ್ಪನ 6.4 ಅಲ್ಲ, ಇದು. ಕೆಂಪು ರಕ್ತಕಣಗಳು ಸಣ್ಣಗಾಗಿವೆ, ಕಬ್ಬಿಣದ ಕೊರತೆ ಇರಬಹುದು. ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣ ಎಲ್ಲಿಗೆ ಸೋರುತ್ತಿದೆ ಎಂದು ಹುಡುಕಲೇಬೇಕು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಹೊಟ್ಟೆ ಮತ್ತು ಕರುಳಿನ ಡಾಕ್ಟರರಿಗೆ ತೋರಿಸಿ. ಜಠರದ ಹುಣ್ಣಿರಬಹುದು, ಮೂಲವ್ಯಾಧಿ ಇರಬಹುದು, ಆಹಾರದ ಕೊರತೆಯೂ ಇರಬಹುದು, ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಆದರೆ 1.9ರ ಹಸಿರು ಗುರುತು ನೋಡಿ ಸುಮ್ಮನಿರಬೇಡಿ.

ಹೊಸಪೇಟೆಯವ

ಅಪ್ಪನವರು ಬೀಡಿ ಬಿಟ್ಟರೇ? ನಮ್ಮ ಮಾವ ಏಲಕ್ಕಿ ಅಗಿಯುತ್ತಾ ಬಿಟ್ಟರು.

ಕಾಡುಹಾದಿ

ಮಲ್ಲಿಗೆಹಂದರ, ನಾಳೆ ಬೆಳಿಗ್ಗೆಯೇ ಅಮ್ಮನನ್ನು ಕರೆದುಕೊಂಡು ಹೋಗಿ. ಟಾನಿಕ್ ಕೊಟ್ಟು ನೋಡೋಣ ಎಂದು ಯಾರಾದರೂ ಹೇಳಿದರೆ ಕುರ್ಚಿಯಿಂದ ಏಳಬೇಡಿ.

ಮಲ್ಲಿಗೆಹಂದರ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಚಿಕ್ಕಮ್ಮನ ಸ್ಕ್ಯಾನ್‌ನಲ್ಲಿ ಯಕೃತ್ತಿನ ಬಲಗಡೆ ಒಂದು ಚುಕ್ಕೆ ಕಂಡಿದೆ, ಸುಮಾರು ಎರಡು ಸೆಂಟಿಮೀಟರ್. ಬೇರೆಲ್ಲೂ ಇಲ್ಲ. ತೆಗೆಯಬಹುದೇ ಎಂದು ಶಸ್ತ್ರವೈದ್ಯರು, ಕೀಮೋ ಡಾಕ್ಟರು ಕೂತು ಚರ್ಚಿಸುತ್ತಿದ್ದಾರೆ. ಅಪ್ಪನ ರಕ್ತಪರೀಕ್ಷೆಗೆ ಇನ್ನೂ ಸಮಯವಿದೆ. ಬೀಡಿ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ನಾಲ್ಕಕ್ಕೆ ಇಳಿದಿದೆ.

ಅಮ್ಮನ ಫೆರಿಟಿನ್ 6 ಮಾತ್ರ. ಈ ಗುರುವಾರ ಬಾಯಿಯಿಂದ ಒಂದು, ಕೆಳಗಿನಿಂದ ಒಂದು, ಎರಡೂ ಕ್ಯಾಮೆರಾ ಪರೀಕ್ಷೆ ನಿಗದಿಯಾಗಿದೆ. ಅಮ್ಮ ಬೇಡವೇ ಬೇಡ ಎನ್ನುತ್ತಿದ್ದರು, ಅಪ್ಪನೇ ಪಕ್ಕದಲ್ಲಿ ಕೂತು ಒಪ್ಪಿಸಿದರು.

ರಕ್ತದಹನಿ

ಅಮ್ಮನಿಗೆ ಕಬ್ಬಿಣದ ಮಾತ್ರೆ ಶುರು ಮಾಡಿದ್ದಾರೆಯೇ? ಮಾಡಿದ್ದರೆ ಇವತ್ತೇ ಆ ವಿಭಾಗಕ್ಕೆ ಫೋನ್ ಮಾಡಿ ತಿಳಿಸಿ. ಕಬ್ಬಿಣದಿಂದ ಮಲ ಕಪ್ಪಗೆ ಅಂಟಂಟಾಗಿ ಕರುಳಿಗೆ ಮೆತ್ತಿಕೊಳ್ಳುತ್ತದೆ, ಭೇದಿ ಔಷಧ ಕುಡಿದರೂ ಸರಿಯಾಗಿ ತೊಳೆಯುವುದಿಲ್ಲ, ಕ್ಯಾಮೆರಾಗೆ ಸಣ್ಣ ಗಂಟು ಕಾಣದೆ ಹೋಗಬಹುದು. ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಮಲ್ಲಿಗೆಹಂದರ

ನಾಲ್ಕು ದಿನಗಳಿಂದ ತೆಗೆದುಕೊಳ್ಳುತ್ತಿದ್ದರು! ಯಾರೂ ಹೇಳಿರಲಿಲ್ಲ. ಈಗ ಫೋನ್ ಮಾಡಿದೆ. ಮಾತ್ರೆ ಇಂದೇ ನಿಲ್ಲಿಸಿ, ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದರು.